ಕಡೆಗೋಲು ಕೃಷ್ಣ, ಚಿಪ್ಪಿನ ಸೌಟು ಕುಚೇಲ: ಎಂಟು ನಿಮಿಷದ ಬೊಂಬೆಯಾಟ

ಐದರಿಂದ ಎಂಟು ವರ್ಷದ ಮಕ್ಕಳಿಗೆ ಮನೆಯ ಸಾಮಾನಿನಿಂದಲೇ ಬೊಂಬೆಯಾಟ ಮಾಡಿಸುವುದು ನಮ್ಮ ಅಭ್ಯಾಸದ ಪಾಠ. ನಾನು ಕುಚೇಲನ ಅವಲಕ್ಕಿ ಕಥೆ ತೆಗೆದುಕೊಂಡೆ. ಎರಡು ಸಲ ಆಡಿಸಿ, ತಿದ್ದಿ ಬರೆದ ಟಿಪ್ಪಣಿ ಇದು. ನಿಮಗೂ ಕೆಲಸಕ್ಕೆ ಬರಬಹುದು.

ಮೊದಲು ಮೂಲ ಕಥೆ ಓದಿ. ಭಾಗವತದ ಹತ್ತನೇ ಸ್ಕಂಧದಲ್ಲಿ 80 ಮತ್ತು 81ನೇ ಅಧ್ಯಾಯ. ಅಲ್ಲಿ ಆ ಬಡ ಬ್ರಾಹ್ಮಣನಿಗೆ ಹೆಸರೇ ಇಲ್ಲ. ಕುಚೇಲ ಎಂದರೆ ಹರಕು ಬಟ್ಟೆಯವನು ಎಂದಷ್ಟೇ. ಹೆಂಡತಿ ಅಕ್ಕಪಕ್ಕದವರಲ್ಲಿ ಬೇಡಿ ತಂದದ್ದು ನಾಲ್ಕು ಹಿಡಿ ಅವಲಕ್ಕಿ. ಕುಚೇಲ ಕೃಷ್ಣನ ಹತ್ತಿರ ಏನನ್ನೂ ಕೇಳುವುದಿಲ್ಲ. ಕೃಷ್ಣನೂ ಎದುರಿಗೆ ಏನನ್ನೂ ಕೊಡುವುದಿಲ್ಲ. ಬರಿಗೈಯಲ್ಲೇ ಅವನು ಮನೆ ಕಡೆ ಹೊರಡುತ್ತಾನೆ.

ಈ ಕೊನೆಯ ಮಾತೇ ಮುಖ್ಯ. ನಾನು ಮೊದಲ ಸಲ ಆಡಿಸಿದಾಗ ಅವಲಕ್ಕಿ ತಿಂದ ಕೂಡಲೇ ಅರಮನೆ ತೋರಿಸಿದೆ. ಆಟ ಮುಗಿದ ಮೇಲೆ ಒಬ್ಬ ಹುಡುಗ, "ನಾನು ದೇವರಿಗೆ ಅವಲಕ್ಕಿ ಇಟ್ರೆ ಸೈಕಲ್ ಬರುತ್ತಾ?" ಎಂದು ಕೇಳಿದ. ತಪ್ಪು ಅವನದಲ್ಲ. ಅವಲಕ್ಕಿ ಮತ್ತು ಅರಮನೆ ಒಂದರ ಪಕ್ಕ ಒಂದು ಬಂದರೆ ಮಗುವಿಗೆ ಅದು ಅಂಗಡಿಯ ಲೆಕ್ಕದ ಹಾಗೆ ಕಾಣುತ್ತದೆ. ನನಗೆ ಹೇಳಬೇಕಿದ್ದದ್ದು ಬೇರೆ: ಗೆಳೆತನಕ್ಕೆ ತಂದ ವಸ್ತು ಎಷ್ಟೇ ಕಡಿಮೆಯಿದ್ದರೂ ನಾಚಿಕೊಂಡು ಬಚ್ಚಿಡಬೇಕಾಗಿಲ್ಲ. ಹಾಗಾಗಿ ಕಥೆಯ ನಡು ಅರಮನೆಯಲ್ಲ, ಬಚ್ಚಿಟ್ಟ ಗಂಟು.

ಬೊಂಬೆ ಆರಿಸಿದ್ದೂ ಇದೇ ಕಾರಣಕ್ಕೆ. ಕುಚೇಲನಿಗೆ ತೆಂಗಿನ ಚಿಪ್ಪಿನ ಸೌಟು. ಉಬ್ಬಿದ ಕಡೆ ಸೀಮೆಸುಣ್ಣದಲ್ಲಿ ಮುಖ ಬರೆಯಿರಿ. ಹಿಂದಿನ ಗುಳಿಯಲ್ಲಿ ಗಂಟು ಅಡಗುತ್ತದೆ. ಹಿಡಿಗೆ ಹರಕು ಬಟ್ಟೆ ಸುತ್ತಿ. ಕೃಷ್ಣನಿಗೆ ಕಡೆಗೋಲು. ತಲೆಕೆಳಗು ಹಿಡಿದರೆ ಕಡೆಯುವ ತುದಿಯ ಏಣುಗಳು ಕಿರೀಟದ ಹಾಗೆ ಕಾಣುತ್ತವೆ. ಉಡುಪಿಯ ಕೃಷ್ಣನ ಕೈಯಲ್ಲಿ ಕಡೆಗೋಲಿದೆ ಅಲ್ವಾ, ಮಕ್ಕಳು ಬೇಗ ಗುರುತು ಹಿಡಿಯುತ್ತಾರೆ. ಕಡೆಗೋಲನ್ನು ಕೊನೆಯ ಮೂರು ಬೆರಳಲ್ಲಿ ಹಿಡಿದು ಮೇಲೆ ಹಳದಿ ಬಟ್ಟೆ ಇಳಿಬಿಡಿ. ಹೆಬ್ಬೆರಳು, ತೋರುಬೆರಳು ಬಟ್ಟೆಯ ತೂತಿನಿಂದ ಹೊರಗೆ ಬರಲಿ. ಅವೇ ಕೃಷ್ಣನ ಕೈ. ಕುಚೇಲನ ಹೆಂಡತಿಗೆ ಸೀರೆ ತುಂಡು ಸುತ್ತಿದ ದೋಸೆ ಸಟ್ಟುಗ ಸಾಕು.

ಅವಲಕ್ಕಿ ನಿಜವಾದದ್ದೇ ಇರಲಿ. ಗಟ್ಟಿ ಅವಲಕ್ಕಿ ತೆಗೆದುಕೊಳ್ಳಿ. ತೆಳು ಅವಲಕ್ಕಿ ಬಿದ್ದರೆ ಸದ್ದೇ ಕೇಳುವುದಿಲ್ಲ. ನಿಂಬೆಹಣ್ಣಿನಷ್ಟು ಗಂಟು ಸಾಕು, ಆದರೆ ಬಟ್ಟೆ ಕೆಂಪಾಗಿರಲಿ. ಕಂದು ಚಿಪ್ಪಿನ ಮೇಲೆ ಬಿಳಿ ಮಾಸಲು ಬಟ್ಟೆ ಹಿಂದಿನ ಸಾಲಿಗೆ ಕಾಣಲಿಲ್ಲ. ಎಳೆದರೆ ಬಿಚ್ಚುವ ಹಾಗೆ ಒಂದೇ ಸಡಿಲ ಕುಣಿಕೆ ಹಾಕಿ, ಸೌಟಿನ ಹಿಡಿಗೆ ದಾರದಲ್ಲಿ ನೇತುಬಿಡಿ.

ಎರಡು ಕುರ್ಚಿಗಳ ನಡುವೆ ಪಂಚೆ ಕಟ್ಟಿ, ಅದರ ಹಿಂದೆ ನೆಲದ ಮೇಲೆ ಕೂತುಕೊಳ್ಳಿ. ದೀಪ ಮಕ್ಕಳ ಕಡೆಯಿಂದ ಬೀಳಲಿ. ಒಂದು ಮೂಲೆಯಲ್ಲಿ ಸ್ಟೀಲ್ ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸಿ, ಅದರ ಮುಂದೆ ಹಳೆಯ ಮೊರ ಒರಗಿಸಿಡಿ. ಮೊರವೇ ಗುಡಿಸಲು, ಹಿಂದಿನ ಡಬ್ಬಿಗಳೇ ಅರಮನೆ.

ಈಗ ಆಟದ ಮಾತು.

*(ಮೊರದ ಹತ್ತಿರ ಹೆಂಡತಿ, ಕುಚೇಲ.)*

ಹೆಂಡತಿ: ರೀ, ನಿಮ್ಮ ಗೆಳೆಯ ಕೃಷ್ಣ ದ್ವಾರಕೆಯಲ್ಲಿ ಇದ್ದಾನಲ್ಲ, ಒಂದು ಸಲ ಹೋಗಿ ನೋಡಿಕೊಂಡು ಬನ್ನಿ.

ಕುಚೇಲ: ಬರಿಗೈಲಿ ಹೋಗೋದು ಹೇಗೆ?

ಹೆಂಡತಿ: ನಾಲ್ಕು ಮನೆಯಲ್ಲಿ ಕೇಳಿ ತಂದೆ. ನಾಲ್ಕು ಹಿಡಿ ಅವಲಕ್ಕಿ. *(ಗಂಟು ಕಟ್ಟುತ್ತಾಳೆ.)*

*(ಕುಚೇಲ ಪರದೆಯುದ್ದಕ್ಕೂ ನಡೆಯುತ್ತಾನೆ. ಹೆಂಡತಿಯನ್ನು ಕೆಳಗಿಟ್ಟು ಆ ಕೈಗೆ ಕೃಷ್ಣನನ್ನು ತೆಗೆದುಕೊಳ್ಳಿ. ಕೃಷ್ಣ ಎತ್ತರದಲ್ಲಿ ಬರುತ್ತಾನೆ.)*

ಕೃಷ್ಣ: ಯಾರದು? ಕುಚೇಲನಾ? ಲೋ, ಬಾರೋ!

*(ಕೃಷ್ಣ ಇಳಿದು ಬಂದು ತಬ್ಬಿಕೊಳ್ಳುತ್ತಾನೆ. ಕಾಲು ತೊಳೆಯಲು ಬಗ್ಗುತ್ತಾನೆ. ಇಲ್ಲಿ ಮಾತು ಬೇಡ.)*

ಕೃಷ್ಣ: ಗುರುಗಳ ಮನೆಯಲ್ಲಿದ್ದಾಗ ಸೌದೆ ತರೋಕೆ ಹೋಗಿ ಮಳೆಗೆ ಸಿಕ್ಕಿಕೊಂಡಿದ್ದೆವಲ್ಲ, ನೆನಪಿದೆಯಾ?

ಕುಚೇಲ: ರಾತ್ರಿಯೆಲ್ಲ ಕೈ ಕೈ ಹಿಡಿದುಕೊಂಡು ಕಾಡಲ್ಲಿ ಅಲೆದೆವು ಕೃಷ್ಣಾ.

ಕೃಷ್ಣ: ನನಗೆ ಏನು ತಂದೆ?

*(ಕುಚೇಲ ಗಂಟಿನ ಕಡೆ ತಿರುಗಿ ನೋಡುತ್ತಾನೆ. ಕೃಷ್ಣನಿಂದ ಮರೆಯಾಗಿ, ಮಕ್ಕಳಿಗೆ ಕಾಣುವಂತೆ ಹಿಂದಕ್ಕೆ ಸರಿಸುತ್ತಾನೆ.)*

ಕುಚೇಲ: ಏ... ಏನಿಲ್ಲ.

ಕೃಷ್ಣ: *(ಮಕ್ಕಳಿಗೆ)* ಏನೂ ಇಲ್ಲವಂತೆ. ಹೌದಾ?

*(ಮಕ್ಕಳು ಕೂಗುವವರೆಗೆ ಕಾಯಿರಿ.)*

ಕೃಷ್ಣ: ಯಾಕೋ ಬಚ್ಚಿಡ್ತೀಯ?

ಕುಚೇಲ: ನಿನ್ನ ಮನೆಯಲ್ಲಿ ಎಲ್ಲಾ ಇದೆ. ಇದು ಬರೀ ಅವಲಕ್ಕಿ. ಅದೂ ನಾಲ್ಕೇ ಹಿಡಿ.

*(ಕೃಷ್ಣ ಗಂಟು ಎಳೆಯುತ್ತಾನೆ. ಅವಲಕ್ಕಿ ಕೆಳಗಿಟ್ಟ ಸ್ಟೀಲ್ ತಟ್ಟೆಗೆ ಸುರಿಯುತ್ತದೆ. ಒಂದು ಹಿಡಿ ತಿನ್ನುತ್ತಾನೆ. ಕಡೆಗೋಲು ಅತ್ತಿತ್ತ ತಿರುಗಿ ಕುಣಿಯುತ್ತದೆ.)*

ಕೃಷ್ಣ: ನನಗೆ ಅಂತ ಇಷ್ಟು ದೂರ ಹೊತ್ತು ತಂದೆಯಲ್ಲೋ!

*(ಕುಚೇಲ ಒಬ್ಬನೇ ವಾಪಸ್ಸು ನಡೆಯುತ್ತಾನೆ. ನಿಧಾನವಾಗಿ.)*

ಕುಚೇಲ: ಹೆಂಡತಿ ಏನೋ ಕೇಳು ಅಂದಿದ್ದಳು. ಕೇಳೋಕೆ ಮನಸ್ಸೇ ಬರಲಿಲ್ಲ. ತಬ್ಬಿಕೊಂಡನಲ್ಲ, ನನ್ನ ಕೃಷ್ಣ!

*(ಹೆಂಡತಿ ಮೊರ ಸರಿಸುತ್ತಾಳೆ. ಡಬ್ಬಿಗಳು ಹೊಳೆಯುತ್ತವೆ. ಪರದೆ.)*

ಕೆಲವು ಜಾಗ ಬಿಡಿಸಿ ಹೇಳಬೇಕು. ನಮ್ಮ ತೊಗಲು ಬೊಂಬೆಯಾಟದಲ್ಲಿ ರಾಜ, ದೇವರ ಬೊಂಬೆ ದೊಡ್ಡದು, ಸಾಮಾನ್ಯರದು ಚಿಕ್ಕದು. ಇಲ್ಲೂ ಕಡೆಗೋಲು ಉದ್ದ, ಸೌಟು ಗಿಡ್ಡ. ಕಾಲು ತೊಳೆಯುವಾಗ ಕೃಷ್ಣನ ತಲೆ ಕುಚೇಲನ ತಲೆಗಿಂತ ಕೆಳಗೆ ಬರಲೇಬೇಕು. ಬೊಂಬೆಯ ಮುಖ ಬದಲಾಗುವುದಿಲ್ಲ, ಪ್ರೀತಿಯನ್ನು ಎತ್ತರದಲ್ಲೇ ತೋರಿಸಬೇಕು. ಕೈ ನೋಯುತ್ತದೆ ಎಂದು ಅರ್ಧಕ್ಕೆ ನಿಲ್ಲಿಸಿದರೆ ದೃಶ್ಯ ಸತ್ತ ಹಾಗೆ.

ಎರಡನೆಯದು, ಮಾತಾಡುವ ಬೊಂಬೆ ಮಾತ್ರ ಅಲ್ಲಾಡಲಿ. ನಾವೆಲ್ಲ ಮಾಡುವ ತಪ್ಪು ಎಂದರೆ ಎರಡನ್ನೂ ಸುಮ್ನೆ ಅಲ್ಲಾಡಿಸುತ್ತಾ ಇರುವುದು. ಆಗ ಯಾರು ಮಾತಾಡಿದರೆಂದು ಮಕ್ಕಳಿಗೆ ತಿಳಿಯದೆ, ಕಣ್ಣು ಪರದೆ ಬಿಟ್ಟು ಪಕ್ಕದವರ ಕಡೆ ಹೋಗುತ್ತದೆ. ಅಂಥ ಕಡೆ ಮಾತು ಸೇರಿಸಬೇಡಿ, ಒಂದು ಬೊಂಬೆ ನಿಲ್ಲಿಸಿ.

ಎರಡನೇ ಹಿಡಿಗೆ ಕೈ ಹಾಕಿದಾಗ ರುಕ್ಮಿಣಿ ಕೃಷ್ಣನನ್ನು ತಡೆಯುವ ಪ್ರಸಂಗ ಕಥೆಯಲ್ಲಿ ಬಹಳ ಪ್ರಸಿದ್ಧ. ನಾನು ಬೇಕೆಂದೇ ಬಿಟ್ಟೆ. ಒಂದು ಹಿಡಿಗೇ ಇಷ್ಟು ಸಂಪತ್ತು ಎಂಬ ಮಾತು ಬಂದರೆ ಮತ್ತೆ ಸೈಕಲ್ ಲೆಕ್ಕಕ್ಕೇ ಹೋಗುತ್ತೇವೆ. ಎರಡೇ ಕೈಯಲ್ಲಿ ಮೂರು ಬೊಂಬೆ ಆಡಿಸುವುದೂ ಕಷ್ಟ. ದೊಡ್ಡ ಮಕ್ಕಳಿಗಾದರೆ ಇನ್ನೊಬ್ಬರನ್ನು ಕೂರಿಸಿಕೊಂಡು ಸೇರಿಸಿ. ವಾಪಸ್ಸು ನಡೆಯುವ ದೃಶ್ಯವನ್ನು ಮಾತ್ರ ಕಡಿಮೆ ಮಾಡಬೇಡಿ. ಅವಲಕ್ಕಿಯನ್ನೂ ಅರಮನೆಯನ್ನೂ ದೂರ ಇಡುವುದು ಅದೊಂದೇ. ನಾನು ಅರ್ಧ ನಿಮಿಷ ನಡೆಸುತ್ತೇನೆ.

ಆಟ ಮುಗಿದ ಮೇಲೆ ನೀತಿ ಏನು ಎಂದು ಕೇಳಬೇಡಿ. "ಕುಚೇಲ ಗಂಟು ಯಾಕೆ ಬಚ್ಚಿಟ್ಟ?" ಎಂದು ಕೇಳಿ. ಎರಡನೇ ಸಲ ಆಡಿಸಿದಾಗ ಒಬ್ಬಳು, "ಸ್ವಲ್ಪ ಇತ್ತಲ್ಲ, ಅವನಿಗೆ ನಾಚಿಕೆ" ಎಂದಳು. "ನಿನಗೂ ಹಾಗಾಗಿದೆಯಾ?" ಎಂದೆ. ಅಮ್ಮನ ಹುಟ್ಟಿದ ಹಬ್ಬಕ್ಕೆ ಬರೆದ ಚಿತ್ರ ಚೆನ್ನಾಗಿಲ್ಲ ಎಂದು ಬ್ಯಾಗಿನಲ್ಲೇ ಇಟ್ಟುಕೊಂಡಿದ್ದಳಂತೆ. ಆಮೇಲೆ ತಟ್ಟೆಯ ಅವಲಕ್ಕಿಗೆ ಬೆಲ್ಲ, ಕಾಯಿ ಬೆರೆಸಿ ಎಲ್ಲರಿಗೂ ಹಂಚಿದೆವು. ಆ ತಟ್ಟೆಯನ್ನು ಆಟಕ್ಕೆ ಮುಂಚೆ ತೊಳೆದು ಒರೆಸಿ ಇಟ್ಟಿರಿ.