ಪೋಸ್ಟಿಗೆ ‘ಸುಳ್ಳು’ ಎಂಬ ಚೀಟಿ ಬಿದ್ದರೆ ಯಾರಿಗೆ ಬರೆಯಬೇಕು?

“ಅಣ್ಣಾ, ನಮ್ಮ ಪೇಜ್ ಸತ್ತೇ ಹೋಗ್ಯಾದ ನೋಡ್ರಿ.”

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ನನ್ನ ಆಫೀಸಿಗೆ ಬಂದ ಹುಡುಗ ಫೋನನ್ನು ಮೇಜಿನ ಮೇಲಿಟ್ಟು ಹೇಳಿದ್ದು ಇಷ್ಟೇ. ಅಫಜಲಪುರ ಕಡೆಯ ಸುದ್ದಿ ಹಾಕುವ ಫೇಸ್‌ಬುಕ್ ಪೇಜ್ ಅವನದು. ಜೊತೆಗೊಂದು ಸಣ್ಣ ವೆಬ್‌ಸೈಟೂ ಇದೆ. ಒಂದು ಪೋಸ್ಟನ್ನು ಸಾವಿರಾರು ಜನ ನೋಡುತ್ತಿದ್ದದ್ದು ಈಗ ನೂರಿನ ಒಳಗೆ ಇಳಿದಿತ್ತು. ಜಾಹೀರಾತು ಹಾಕಲೂ ಬಿಡುತ್ತಿರಲಿಲ್ಲ. “ಯಾರೋ ರಿಪೋರ್ಟ್ ಹೊಡದಾರ” ಎಂಬುದು ಅವನ ಅನುಮಾನ.

ರಿಪೋರ್ಟ್ ಅಲ್ಲ. ಪೇಜಿನ ಸ್ಟೇಟಸ್ ತೆರೆದು ನೋಡಿದರೆ ಎರಡು ಪೋಸ್ಟುಗಳಿಗೆ ಫ್ಯಾಕ್ಟ್ ಚೆಕ್ ಸಂಸ್ಥೆಯೊಂದು ‘ಸುಳ್ಳು’ ಎಂಬ ರೇಟಿಂಗ್ ಕೊಟ್ಟಿತ್ತು.

ಇಲ್ಲಿ ಜನ ಎಡವುವುದು ಒಂದೇ ಕಡೆ. ಪೋಸ್ಟನ್ನು ನಿಯಮ ಮುರಿದಿದೆ ಅಂತ ತೆಗೆದುಹಾಕುವುದು ಫೇಸ್‌ಬುಕ್ ನಡೆಸುವ ಮೆಟಾ ಕಂಪನಿ. ಆ ದೂರು ಅವರ ಹತ್ತಿರವೇ ಹೋಗಬೇಕು. ಆದರೆ ಇದು ಸುಳ್ಳೋ, ಅರ್ಧ ಸುಳ್ಳೋ ಎಂದು ತೀರ್ಮಾನಿಸುವುದು ಮೆಟಾ ಅಲ್ಲ, ಹೊರಗಿನ ಸಂಸ್ಥೆಗಳು. ಅಂತರರಾಷ್ಟ್ರೀಯ ಫ್ಯಾಕ್ಟ್ ಚೆಕಿಂಗ್ ಜಾಲವಾದ ಐಎಫ್‌ಸಿಎನ್‌ನ ನೀತಿಸಂಹಿತೆಗೆ ಒಪ್ಪಿ ಮಾನ್ಯತೆ ಪಡೆದವರು ಅವರು. ಪೋಸ್ಟನ್ನು ಎಷ್ಟು ಕೆಳಗಿಳಿಸಬೇಕು ಎಂಬುದು ಮೆಟಾ ಕೈಯಲ್ಲಿದೆ, ರೇಟಿಂಗ್ ಬದಲಿಸುವುದು ಮಾತ್ರ ಅದನ್ನು ಕೊಟ್ಟವರ ಕೈಯಲ್ಲಿ. ಹಾಗಾಗಿ ತಕರಾರು ಹೋಗಬೇಕಾದದ್ದು ಅವರಿಗೆ. “ಫ್ಯಾಕ್ಟ್ ಚೆಕ್ಕೇ ಬಂದ್ ಆಗ್ಯಾದಂತಲ್ರಿ?” ಅಂತ ಹುಡುಗ ಕೇಳಿದ. ಫ್ಯಾಕ್ಟ್ ಚೆಕ್ ನಿಲ್ಲಿಸುತ್ತೇವೆ ಎಂದು 2025ರ ಜನವರಿಯಲ್ಲಿ ಮೆಟಾ ಮಾಡಿದ ಆ ಘೋಷಣೆ ಅಮೆರಿಕಕ್ಕೆ ಸಂಬಂಧಿಸಿದ್ದು, ನಮ್ಮ ಕಡೆಗಲ್ಲ.

ರೇಟಿಂಗಿನಲ್ಲೂ ದರ್ಜೆಗಳಿವೆ. ‘ಸುಳ್ಳು’ ಮತ್ತು ‘ತಿರುಚಿದ್ದು’ ಎಂಬೆರಡು ಬಹಳ ಕಠಿಣ. ಪೋಸ್ಟ್ ತೀರಾ ಕೆಳಗೆ ಹೋಗುತ್ತದೆ, ಮೇಲೊಂದು ಪರದೆ ಬೀಳುತ್ತದೆ. ಇವು ಪದೇ ಪದೇ ಬಂದರೆ ಇಡೀ ಪೇಜಿನ ಹರಡುವಿಕೆ ಕುಗ್ಗುತ್ತದೆ, ಜಾಹೀರಾತು ಮತ್ತು ಗಳಿಕೆ ನಿಲ್ಲುತ್ತದೆ. ‘ಭಾಗಶಃ ಸುಳ್ಳು’ ಇದಕ್ಕಿಂತ ಹಗುರ, ‘ಸಂದರ್ಭ ಕಾಣೆಯಾಗಿದೆ’ ಎಂಬುದು ಇನ್ನೂ ಹಗುರ. ಅಂದ್ರೆ ರೇಟಿಂಗ್ ಪೂರ್ತಿ ತೆಗೆಸಲು ಆಗದಿದ್ದರೂ ಒಂದು ಮೆಟ್ಟಿಲು ಇಳಿಸಿಕೊಂಡರೆ ಲಾಭವಿದೆ.

ಈಗ ಅವನ ಎರಡು ಪೋಸ್ಟುಗಳಿಗೆ ಬರೋಣ.

ಮೊದಲನೆಯದು ವೆಬ್‌ಸೈಟ್ ಲಿಂಕ್. ಮಹಾರಾಷ್ಟ್ರದ ಕಡೆಯಿಂದ ನೀರು ಬಿಟ್ಟು ಭೀಮೆ ತುಂಬಿ ಹರಿಯುತ್ತಿದ್ದ ದಿನಗಳು ಅವು. ‘ಬ್ಯಾರೇಜಿನ ಗೇಟ್ ಮುರಿಯಿತು’ ಎಂಬ ಶೀರ್ಷಿಕೆ ಕೊಟ್ಟು ವಾಟ್ಸಾಪಿನಲ್ಲಿ ಬಂದ ವಿಡಿಯೋ ಸೇರಿಸಿದ್ದ. ಗೇಟ್ ಮುರಿದಿರಲಿಲ್ಲ. ವಿಡಿಯೋ ಬೇರೆ ರಾಜ್ಯದ್ದು, ಹಳೆಯದು. ಇದರಲ್ಲಿ ವಾದ ಮಾಡಲು ಏನೂ ಇಲ್ಲ, ತಪ್ಪು ತಪ್ಪೇ. ಇಂಥದ್ದಕ್ಕೆ ತಕರಾರಲ್ಲ, ತಿದ್ದುಪಡಿ.

ಎರಡನೆಯದು ಅವನು ಎರಡು ದಿನ ಬಿಟ್ಟು ಹಾಕಿದ್ದು. “ನಾವು ಹಾಕಿದ ವಿಡಿಯೋ ನಮ್ಮ ಊರಿನದಲ್ಲ, ಯಾರೂ ನಂಬಬೇಡಿ” ಎಂದು ಬರೆದು ಅದೇ ವಿಡಿಯೋವನ್ನು ಹಾಗೇ ಮತ್ತೆ ಹಾಕಿದ್ದ. ಸುಳ್ಳು ಬಿಡಿಸಲು ಹೊರಟವನ ಪೋಸ್ಟಿಗೂ ಸುಳ್ಳಿನ ಚೀಟಿ ಬಿತ್ತು! ಒಂದು ವಿಡಿಯೋಗೆ ರೇಟಿಂಗ್ ಬಂದ ಮೇಲೆ ಅದರ ನಕಲುಗಳನ್ನು ಕಂಪ್ಯೂಟರ್ ಹುಡುಕುತ್ತದೆ. ಚಿತ್ರಕ್ಕೆ ಚಿತ್ರ ಹೋಲಿಸುತ್ತದೆ. ಮೇಲೆ ಬರೆದ ಸಾಲಿನ ಅರ್ಥ ಅದಕ್ಕೆ ಸಲೀಸಾಗಿ ಗೊತ್ತಾಗುವುದಿಲ್ಲ. ಇಲ್ಲಿ ಹುಡುಗನ ತಪ್ಪೂ ಸ್ವಲ್ಪ ಇತ್ತು. ವಿಡಿಯೋ ಮೇಲೆಯೇ ದೊಡ್ಡದಾಗಿ ‘ಇದು ಸುಳ್ಳು’ ಎಂದು ಬರೆದು ಹಾಕಿದ್ದರೆ ನೋಡುವವರಿಗೂ ಗೊಂದಲ ಇರುತ್ತಿರಲಿಲ್ಲ. ಆದರೂ ಈ ಪೋಸ್ಟಿನಲ್ಲಿ ಸುಳ್ಳಿಲ್ಲ. ಇದು ತಕರಾರಿನ ಕೇಸು.

ನಾನು ಮೊದಲು ಕೇಳಿದ್ದು, “ಡಿಲೀಟ್ ಮಾಡಿಲ್ಲ ಅಲ್ವಾ?” ಮಾಡಿರಲಿಲ್ಲ, ಪುಣ್ಯ. ಎಲ್ಲರೂ ಗಾಬರಿಯಲ್ಲಿ ಮಾಡುವ ಮೊದಲ ಕೆಲಸ ಅದೇ. ಪೋಸ್ಟೇ ಇಲ್ಲದಿದ್ದರೆ ತಿದ್ದಿದ್ದೇವೆ ಎಂದು ತೋರಿಸುವುದು ಏನನ್ನು?

ಮೊದಲನೆಯದಕ್ಕೆ ವೆಬ್‌ಸೈಟಿನ ಶೀರ್ಷಿಕೆ ಬದಲಿಸಿದೆವು, ವಿಡಿಯೋ ತೆಗೆದೆವು. ಸುದ್ದಿಯ ತಲೆಯ ಮೇಲೆಯೇ ‘ತಿದ್ದುಪಡಿ’ ಎಂದು ಬರೆದು, ಮೊದಲು ಏನು ಹೇಳಿದ್ದೆವು, ಅದು ಯಾಕೆ ತಪ್ಪು ಎಂದು ಎರಡು ಸಾಲು ಹಾಕಿದೆವು. ಸುಮ್ನೆ ಸದ್ದಿಲ್ಲದೆ ತಿದ್ದಿದರೆ ಸಾಲದು, ತಿದ್ದಿದ್ದೇವೆ ಅಂತ ಓದುಗನಿಗೆ ಕಾಣಬೇಕು. ಆಮೇಲೆ ಫ್ಯಾಕ್ಟ್ ಚೆಕ್ಕರಿಗೆ ಇಮೇಲ್ ಕಳಿಸಿದೆವು. ವಿಳಾಸ ಅವರ ವೆಬ್‌ಸೈಟಿನ ಸಂಪರ್ಕ ಅಥವಾ ತಿದ್ದುಪಡಿ ಪುಟದಲ್ಲಿ ಸಿಗುತ್ತದೆ. ಪೇಜಿಗೆ ಬಂದ ನೋಟಿಸಿನಲ್ಲೇ ಮೇಲ್ಮನವಿಯ ಬಟನ್ ಇದ್ದರೆ ಅದೂ ಆದೀತು.

ಉತ್ತರ ಬಂತು: ನಿಮ್ಮ ಪೋಸ್ಟಿನಲ್ಲಿ ಇನ್ನೂ ಹಳೆಯ ಶೀರ್ಷಿಕೆಯೇ ಇದೆ. ನಿಜ, ಇತ್ತು. ಲಿಂಕ್ ಹಂಚಿದ ದಿನ ಫೇಸ್‌ಬುಕ್ ತೆಗೆದಿಟ್ಟುಕೊಂಡ ಶೀರ್ಷಿಕೆ ಮತ್ತು ಚಿತ್ರ ಹಾಗೇ ಉಳಿದಿದ್ದವು. ಸೈಟ್ ತಿದ್ದಿದ ಮಾತ್ರಕ್ಕೆ ಅವು ಬದಲಾಗುವುದಿಲ್ಲ. ಮೆಟಾದ `Sharing Debugger` ಪುಟಕ್ಕೆ ಹೋಗಿ, ಲಿಂಕ್ ಹಾಕಿ, `Scrape Again` ಒತ್ತಬೇಕು. ಹೆಚ್ಚು ಜನ ಲೈಕ್, ಶೇರ್ ಮಾಡಿದ ಲಿಂಕ್ ಆದರೆ ಶೀರ್ಷಿಕೆ ಹಠ ಹಿಡಿದು ಕೂರುವುದೂ ಉಂಟು. ಅದಕ್ಕೇ ಪೋಸ್ಟಿನ ಬರಹದ ಮೊದಲ ಸಾಲಿನಲ್ಲೂ ‘ತಿದ್ದುಪಡಿ’ ಸೇರಿಸಿದೆವು. ಲಾಗಿನ್ ಆಗದ ಇನ್ನೊಂದು ಫೋನಿನಲ್ಲಿ ತೆರೆದು ನೋಡಿ, ಅದರ ಸ್ಕ್ರೀನ್‌ಶಾಟ್ ಜೊತೆ ಮತ್ತೆ ಬರೆದೆವು.

ಎರಡನೆಯದಕ್ಕೆ ಹುಡುಗ ಬರೆದು ತಂದ ಕರಡು ಒಂದೂವರೆ ಪುಟ ಇತ್ತು. ಅವನ ಹತ್ತು ವರ್ಷದ ಸೇವೆ, ಊರಿನ ಜನರ ಪ್ರೀತಿ, ಎದುರಾಳಿ ಪೇಜಿನವರ ಪಿತೂರಿ ಎಲ್ಲ ಅದರಲ್ಲಿ ಇದ್ದವು. ಅದನ್ನು ಮಡಚಿಟ್ಟು ಹೀಗೆ ಬರೆದೆವು:

“ಈ ಪೋಸ್ಟಿಗೆ (ಲಿಂಕ್) ನಿಮ್ಮ ಈ ವರದಿಯ (ಲಿಂಕ್) ಆಧಾರದ ಮೇಲೆ ‘ಸುಳ್ಳು’ ಎಂಬ ರೇಟಿಂಗ್ ಬಂದಿದೆ. ನಿಮ್ಮ ವರದಿ ಸರಿಯಾಗಿದೆ. ಗೇಟ್ ಮುರಿದಿದೆ ಎಂದು ಈ ಪೋಸ್ಟ್ ಹೇಳುವುದಿಲ್ಲ, ಅದು ಸುಳ್ಳು ಎಂದು ಮೊದಲ ಸಾಲಿನಲ್ಲೇ ಹೇಳುತ್ತದೆ. ವಿಡಿಯೋ ಒಂದೇ ಆದ್ದರಿಂದ ಹೊಂದಿಕೆಯಾಗಿರಬಹುದು. ಪೋಸ್ಟಿನ ಎಡಿಟ್ ಇತಿಹಾಸ ನೋಡಿದರೆ ರೇಟಿಂಗಿಗೆ ಮುಂಚೆಯೂ ಬರಹ ಇದೇ ಇತ್ತು ಎಂದು ತಿಳಿಯುತ್ತದೆ. ದಯವಿಟ್ಟು ಈ ಪೋಸ್ಟಿನಿಂದ ರೇಟಿಂಗ್ ತೆಗೆಯಿರಿ.”

ಇದರಲ್ಲಿ ಜೀವ ಇರುವುದು ಎಡಿಟ್ ಇತಿಹಾಸದ ಸಾಲಿನಲ್ಲಿ. ರೇಟಿಂಗ್ ಬಂದ ಮೇಲೆ ಬರಹ ಬದಲಿಸಿ “ನಾವು ಮೊದಲೇ ಹೇಳಿದ್ದೆವು” ಎನ್ನುವವರು ಜಾಸ್ತಿ. ಚೆಕ್ಕರಿಗೆ ಆ ಅನುಮಾನ ಬಂದೇ ಬರುತ್ತದೆ, ಅವರು ಕೇಳುವ ಮುಂಚೆಯೇ ಉತ್ತರ ಇಟ್ಟುಬಿಡಬೇಕು. ಎರಡು ಪೋಸ್ಟಿಗೂ ಬೇರೆ ಬೇರೆ ಮೇಲ್ ಕಳಿಸಿದ್ದೂ ಬೇಕಂತಲೇ. ಒಂದರಲ್ಲಿ ನಾವು ತಪ್ಪಿತಸ್ಥರು, ಇನ್ನೊಂದರಲ್ಲಿ ಅಲ್ಲ. ಒಂದೇ ಮೇಲಿನಲ್ಲಿ ಕಲಸಿದರೆ ಎರಡೂ ಕೆಡುತ್ತವೆ.

ಸರಳ ತಿದ್ದುಪಡಿಗೆ ಒಂದು ಕೆಲಸದ ದಿನ, ಜಟಿಲವಾದದ್ದಕ್ಕೆ ಕೆಲವು ದಿನ ಎಂಬುದು ಮೆಟಾ ಹೇಳುವ ಲೆಕ್ಕ. ಮೇಲಿಂದ ಮೇಲೆ ಬರೆದರೂ ಉತ್ತರವೇ ಇಲ್ಲದಿದ್ದರೆ ಐಎಫ್‌ಸಿಎನ್‌ಗೆ ದೂರು ಕೊಡುವ ದಾರಿ ಇದೆ. ಮುಕ್ತ, ಪ್ರಾಮಾಣಿಕ ತಿದ್ದುಪಡಿ ನೀತಿ ಅವರ ಸಂಹಿತೆಯ ಐದು ಬದ್ಧತೆಗಳಲ್ಲಿ ಒಂದು. ಆದರೆ “ರೇಟಿಂಗ್ ನನಗೆ ಒಪ್ಪಿಗೆಯಿಲ್ಲ” ಎಂಬ ದೂರು ಅಲ್ಲಿ ನಡೆಯುವುದಿಲ್ಲ, ಸಂಹಿತೆ ಮುರಿದಿದ್ದಾರೆ ಎಂದು ತೋರಿಸಬೇಕು. “ಅದು ನಮ್ಮ ಅಭಿಪ್ರಾಯ” ಎಂಬ ವಾದವೂ ಇಂಥ ಕಡೆ ನಿಲ್ಲುವುದಿಲ್ಲ. ಗೇಟ್ ಮುರಿಯಿತು ಅನ್ನುವುದು ಅಭಿಪ್ರಾಯ ಹೇಗಾದೀತು?

ನಮಗೆ ಎರಡನೆಯ ಪೋಸ್ಟಿನ ರೇಟಿಂಗ್ ನಾಲ್ಕನೇ ದಿನ ಹೋಯಿತು. ಮೊದಲನೆಯದು, ಎರಡನೇ ಮೇಲ್ ಆದ ಮೇಲೆ, ಮುಂದಿನ ವಾರ. ಪೇಜಿನ ಸ್ಟೇಟಸ್‌ನಲ್ಲಿ ಎಚ್ಚರಿಕೆ ಅಳಿಯಿತು, ಜಾಹೀರಾತು ತೆರೆಯಿತು. ನೋಡುವವರ ಸಂಖ್ಯೆ ಮಾತ್ರ ಒಂದೇ ದಿನದಲ್ಲಿ ಹಳೆಯ ಜಾಗಕ್ಕೆ ಬರಲಿಲ್ಲ. ಹುಡುಗ ದಿನಾ ಫೋನ್ ಮಾಡಿ “ಇವತ್ತ ಇನ್ನೂರಾ ಹತ್ತು ಆಗ್ಯಾದ್ರಿ” ಎಂದು ವರದಿ ಒಪ್ಪಿಸುತ್ತಿದ್ದ.