ಗಾಳಿ ನಿಂತರೂ ನಡುಗುವ ಬಾವುಟ

ಕಂಪ್ಯೂಟರ್ ಪರದೆಯ ಮೇಲೆ ನಾನು ಹಾರಿಸುತ್ತಿದ್ದ ಬಾವುಟಕ್ಕೆ ಬೀಸುವ ಗಾಳಿಯನ್ನು ಪೂರ್ತಿ ನಿಲ್ಲಿಸಿದ್ದೆ. ಬಾವುಟ ಕಂಬಕ್ಕೆ ಜೋತುಬಿದ್ದು ಸುಮ್ಮನಿರಬೇಕಿತ್ತು. ಆದರೆ ಮಡಿಕೆಗಳು ಸಣ್ಣಗೆ ನಡುಗುತ್ತಲೇ ಇದ್ದವು. ಹಸಿರು ಪಟ್ಟಿಯ ಒಂದು ಮೂಲೆ ಕಂಬದೊಳಗೆ ಹೊಕ್ಕು ಆಚೆ ಬದಿಯಲ್ಲಿ ಇಣುಕುತ್ತಿತ್ತು.

ನಾನು ಮಾಡುತ್ತಿದ್ದುದು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿಯುವಂಥ ಖಾದಿಯ ರಾಷ್ಟ್ರಧ್ವಜ, 90 ಸೆಂಟಿಮೀಟರ್ ಉದ್ದ, 60 ಅಗಲ. ಕಂಪ್ಯೂಟರಿಗೆ ಇದು ಬಟ್ಟೆಯಲ್ಲ, ಸ್ಪ್ರಿಂಗುಗಳಿಂದ ಬೆಸೆದ ಬಿಂದುಗಳ ಬಲೆ. 2 ಸೆಂಟಿಮೀಟರಿಗೊಂದರಂತೆ ಇಟ್ಟರೆ 1,426 ಬಿಂದುಗಳು. ಚದರ ಮೀಟರಿಗೆ 200 ಗ್ರಾಂ ತೂಗುವ ಬಟ್ಟೆಯಾದರೆ ಒಂದೊಂದು ಬಿಂದುವಿನ ಪಾಲಿಗೆ ಬರುವುದು ಕೇವಲ 0.08 ಗ್ರಾಂ.

ತೊಂದರೆ ಇಲ್ಲಿಂದಲೇ ಶುರು. ಹಗುರವಾದ ಬಿಂದುವಿಗೆ ಬಿಗಿಯಾದ ಸ್ಪ್ರಿಂಗ್ ಕಟ್ಟಿದರೆ ಅದು ಬಹಳ ವೇಗವಾಗಿ ಕಂಪಿಸುತ್ತದೆ. ಸ್ಪ್ರಿಂಗಿನ ಬಿಗಿತ ಮೀಟರಿಗೆ 50 ನ್ಯೂಟನ್ ಇದ್ದಾಗ, ಈಗಿನ ಬಲವನ್ನು ನೋಡಿ ಮುಂದಿನ ಜಾಗವನ್ನು ನೇರವಾಗಿ ಲೆಕ್ಕ ಹಾಕುವ ಸರಳ ವಿಧಾನದಲ್ಲಿ, ಒಂದು ಹೆಜ್ಜೆ, ಅಂದರೆ ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕೆ ಇರುವ ಸಮಯ, ಸುಮಾರು ಒಂದು ಮಿಲಿಸೆಕೆಂಡಿಗಿಂತ ದೊಡ್ಡದಾಗಿರಬಾರದು. ದೊಡ್ಡದಾದರೆ ಬಿಂದು ತನ್ನ ನೆಲೆಯನ್ನು ದಾಟಿ ಹೋಗುತ್ತದೆ, ಹಿಂದಿರುಗುವಾಗ ಇನ್ನೂ ದೂರ ದಾಟುತ್ತದೆ. ಸೆಕೆಂಡಿಗೆ 60 ಚೌಕಟ್ಟು, ಅಂದರೆ 60 ಚಿತ್ರ, ತೋರಿಸುವ ಪರದೆಯಲ್ಲಿ ಒಂದು ಚೌಕಟ್ಟಿಗೆ ಸಿಗುವುದು 16.7 ಮಿಲಿಸೆಕೆಂಡ್. ಆದ್ದರಿಂದ ಅದನ್ನು 20 ಹೆಜ್ಜೆಗಳಾಗಿ ಒಡೆದೆ. ಬಿಗಿತವನ್ನು ನಾಲ್ಕು ಪಟ್ಟು ಏರಿಸಿದರೆ ಹೆಜ್ಜೆಗಳನ್ನು ಎರಡು ಪಟ್ಟು ಮಾಡಬೇಕಾಗುತ್ತದೆ.

ನಡುಕ ಕಂಡೊಡನೆ ಡ್ಯಾಂಪಿಂಗ್, ಅಂದರೆ ಚಲನೆಯನ್ನು ತಣಿಸುವ ಬಲ, ಹೆಚ್ಚಿಸುವುದು ಎಲ್ಲರ ಮೊದಲ ಚಾಳಿ. ಎಲ್ಲ ಬಿಂದುಗಳ ವೇಗವನ್ನೂ ಒಂದೇ ಸಮ ಕುಗ್ಗಿಸಿದರೆ ನಡುಕದ ಜೊತೆಗೆ ಅಲೆಯೂ ಸಾಯುತ್ತದೆ; ಬಾವುಟ ಜೇನುತುಪ್ಪದಲ್ಲಿ ಅದ್ದಿದಂತೆ ತೇಲುತ್ತದೆ. ಸ್ಪ್ರಿಂಗಿನ ಎರಡು ತುದಿಗಳ ವೇಗದ ವ್ಯತ್ಯಾಸವನ್ನಷ್ಟೇ ತಣಿಸುವುದು ಸರಿ. ಆಗ ಬಟ್ಟೆ ಒಟ್ಟಾಗಿ ಹಾರುವುದಕ್ಕೆ ಅಡ್ಡಿಯಿಲ್ಲ.

ಇನ್ನು ಡಿಕ್ಕಿಯ ದಪ್ಪ. ಬಟ್ಟೆ ಬೇರೊಂದು ವಸ್ತುವಿಗೆ ಇಷ್ಟು ಹತ್ತಿರ ಬಂದರೆ ಸಾಕು, ಹಿಂದೆ ತಳ್ಳು ಎಂಬ ಅಂತರ ಅದು. ಬಾವುಟದ ತುದಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬೀಸಿದರೆ ಒಂದು ಚೌಕಟ್ಟಿನಲ್ಲಿ 8 ಸೆಂಟಿಮೀಟರ್ ಸಾಗುತ್ತದೆ. 4 ಸೆಂಟಿಮೀಟರ್ ಕಂಬವನ್ನು ಮುಟ್ಟದೆಯೇ ಆಚೆ ತಲುಪಿಬಿಡುತ್ತದೆ. 20 ಹೆಜ್ಜೆಗಳಲ್ಲಿ ಒಂದಕ್ಕೆ ಸುಮಾರು 4 ಮಿಲಿಮೀಟರ್ ಮಾತ್ರ. ದಪ್ಪ ಇದಕ್ಕಿಂತ ಹೆಚ್ಚಿರಬೇಕು. ಹಾಗೆಂದು ಬಟ್ಟೆ ತನಗೆ ತಾನೇ ತಗಲುವ ದಪ್ಪವನ್ನು 3 ಸೆಂಟಿಮೀಟರ್ ಮಾಡಿದರೆ, 2 ಸೆಂಟಿಮೀಟರ್ ಅಂತರದಲ್ಲಿರುವ ನೆರೆಯ ಬಿಂದುಗಳೇ ಒಂದನ್ನೊಂದು ದೂಡುತ್ತವೆ, ಸ್ಪ್ರಿಂಗ್ ಮತ್ತೆ ಎಳೆಯುತ್ತದೆ. ನನ್ನ ಬಾವುಟದ ಮಡಿಕೆಗಳಲ್ಲಿ ನಡೆಯುತ್ತಿದ್ದುದು ಈ ಹಗ್ಗಜಗ್ಗಾಟವೇ; ಹಸಿರು ಮೂಲೆಯನ್ನು ಕಂಬದೊಳಗೆ ದೂಡಿದ್ದೂ ಇದೇ.

ಪತ್ತೆ ಮಾಡಿದ್ದು ಹೀಗೆ. ಡಿಕ್ಕಿಯ ಲೆಕ್ಕವನ್ನು ತಾತ್ಕಾಲಿಕವಾಗಿ ನಿಲ್ಲಿಸಿದೆ, ನಡುಕ ನಿಂತಿತು. ಹಾಗಾದರೆ ತಪ್ಪು ದಪ್ಪದ್ದು. ನಿಲ್ಲದೆ, ಹೆಜ್ಜೆಯನ್ನು ಅರ್ಧಕ್ಕಿಳಿಸಿದಾಗ ಮಾತ್ರ ನಿಂತಿದ್ದರೆ ಬಿಗಿತವನ್ನು ದೂರಬೇಕಿತ್ತು. ದಪ್ಪವನ್ನು 1 ಸೆಂಟಿಮೀಟರಿಗೆ ಇಳಿಸಿ ಮತ್ತೆ ಓಡಿಸಿದೆ. ಮಡಿಕೆಗಳು ಒಂದರ ಮೇಲೊಂದು ಕುಳಿತವು, ಹಸಿರು ಮೂಲೆ ಕಂಬಕ್ಕೆ ಒರಗಿ ಹೊರಗೇ ನಿಂತಿತು.