ಎರಡು ಲೇತ್ ಇದ್ದರೂ ಆರ್ಡರ್ ಎರಡು ದಿನ ಯಾಕೆ? (SAP ಪಿಪಿ ಟಿಪ್ಪಣಿ)

ರೂಟಿಂಗ್ ಅಂದರೆ ಒಂದು ಭಾಗ ತಯಾರಾಗುವ ಆಪರೇಷನ್‌ಗಳ ಕ್ರಮ. ಪ್ರತಿ ಆಪರೇಷನ್ ಯಾವ ವರ್ಕ್ ಸೆಂಟರ್‌ನಲ್ಲಿ ನಡೆಯುತ್ತದೆ, ಎಷ್ಟು ಹೊತ್ತು ಬೇಕು ಎಂಬುದೂ ಅದರಲ್ಲೇ ಇರುತ್ತದೆ. `CA01`ನಲ್ಲಿ ರೂಟಿಂಗ್, `CR01`ನಲ್ಲಿ ವರ್ಕ್ ಸೆಂಟರ್. ಇಷ್ಟು ಗೊತ್ತಿದೆ ಅಂದುಕೊಂಡು ನೇರ ಲೆಕ್ಕಕ್ಕೆ ಬರೋಣ.

ಶಾಫ್ಟ್ ಟರ್ನಿಂಗ್ ಆಪರೇಷನ್ ತಗೊಳ್ಳಿ. ಸೆಟಪ್ 45 ನಿಮಿಷ, ಮೆಷಿನ್ 40 ನಿಮಿಷ, ಬೇಸ್ ಕ್ವಾಂಟಿಟಿ 10. ಈ 40 ನಿಮಿಷ ಒಂದು ಶಾಫ್ಟ್‌ಗಲ್ಲ, ಹತ್ತಕ್ಕೆ. ಅಂದರೆ ಒಂದಕ್ಕೆ 4 ನಿಮಿಷ. ಬೇಸ್ ಕ್ವಾಂಟಿಟಿಯನ್ನು 1 ಎಂದೇ ಬಿಟ್ಟರೆ ಮೆಷಿನ್ ಸಮಯದ ಲೆಕ್ಕ ಹತ್ತು ಪಟ್ಟು ಉಬ್ಬುತ್ತದೆ. 120 ಶಾಫ್ಟ್‌ಗಳ ಆರ್ಡರ್‌ಗೆ 45 + 480 = 525 ನಿಮಿಷ.

ಎಡವುವ ಜಾಗ

ವರ್ಕ್ ಸೆಂಟರ್‌ನಲ್ಲಿ ಒಂದೇ ತರಹದ ಎರಡು ಲೇತ್ ಇವೆ. ದಿನಕ್ಕೆ ಒಂದು ಶಿಫ್ಟ್: 8 ಗಂಟೆಯಲ್ಲಿ ಅರ್ಧ ಗಂಟೆ ಬಿಡುವು ಕಳೆದರೆ 450 ನಿಮಿಷ, ಯುಟಿಲೈಸೇಷನ್ 80% ಎಂದರೆ ಒಂದು ಲೇತ್‌ಗೆ 360. ಎರಡಕ್ಕೂ ಸೇರಿ 720. ಬೇಕಾದದ್ದು 525, ಇರುವುದು 720. ಹಾಗಿದ್ದರೆ ಒಂದೇ ದಿನದಲ್ಲಿ ಮುಗಿಯಬೇಕಲ್ಲವೇ? ಸಿಸ್ಟಂ ಎರಡನೇ ದಿನದ ದಿನಾಂಕ ಕೊಡುತ್ತದೆ, ಮತ್ತು ಅದು ಸರಿ.

ಇಲ್ಲಿ ಎರಡು ಬೇರೆ ಪ್ರಶ್ನೆಗಳಿವೆ. "ಈ ಕೆಲಸ ಎಷ್ಟು ಹೊತ್ತು ಹಿಡಿಯುತ್ತದೆ?" ಎಂಬುದು ಶೆಡ್ಯೂಲಿಂಗ್. "ಯಂತ್ರಗಳ ಒಟ್ಟು ಸಮಯದಲ್ಲಿ ಎಷ್ಟನ್ನು ತಿನ್ನುತ್ತದೆ?" ಎಂಬುದು ಕೆಪ್ಯಾಸಿಟಿ. ಶೆಡ್ಯೂಲಿಂಗ್ ಒಂದೇ ಲೇತ್‌ನ 360 ನಿಮಿಷವನ್ನು ನೋಡುತ್ತದೆ: ಮೊದಲ ದಿನ 360, ಮರುದಿನ 165. ಕೆಪ್ಯಾಸಿಟಿ ಮಾತ್ರ 720ನ್ನು ನೋಡುತ್ತದೆ. ಹಾಗಾಗಿ ಬೇರೆ ಆರ್ಡರ್ ಇಲ್ಲದಿದ್ದರೆ `CM01`ನಲ್ಲಿ ದಿನದ ಲೆಕ್ಕದಲ್ಲಿ ಮೊದಲ ದಿನ 50%, ಮರುದಿನ ಸುಮಾರು 23% ಕಾಣುತ್ತದೆ. 50% ಅಂದರೆ ಎರಡೂ ಲೇತ್ ಅರ್ಧ ದಿನ ಖಾಲಿ ಅಂತಲ್ಲ, ಒಂದು ಪೂರ್ತಿ ದುಡಿಯುತ್ತಿದೆ, ಇನ್ನೊಂದು ಸುಮ್ಮನೆ ನಿಂತಿದೆ.

ಎರಡನೆಯ ಲೇತನ್ನೂ ಹಚ್ಚಬೇಕೆಂದರೆ ರೂಟಿಂಗ್ ಆಪರೇಷನ್‌ನಲ್ಲಿ ಸ್ಪ್ಲಿಟ್ ಕೊಡಬೇಕು. ತಲಾ 60 ಶಾಫ್ಟ್: 45 + 240 = 285 ನಿಮಿಷ, 360ರೊಳಗೇ ಬಂತು, ಅದೇ ದಿನ ಕೆಲಸ ಮುಗಿಯಿತು. ಆದರೆ ಸೆಟಪ್ ಎರಡು ಲೇತ್‌ನಲ್ಲೂ ಆಗಬೇಕು. ಒಟ್ಟು ಹೊರೆ 525 ಅಲ್ಲ, 570. ಆರ್ಡರ್ ಬೇಗ ಮುಗಿಯಿತು, ಶಾಪ್‌ನ ಹೊರೆ ಹೆಚ್ಚಿತು. ಸೆಟಪ್ ಉದ್ದವಿದ್ದು ಲಾಟ್ ಚಿಕ್ಕದಿದ್ದರೆ ಸ್ಪ್ಲಿಟ್ ಮಾಡದಿರುವುದೇ ಮೇಲು.

ಸೂತ್ರಗಳಲ್ಲೂ ಇದೇ ವ್ಯತ್ಯಾಸ. ಮೊದಲನೆಯದು ಅವಧಿಗೆ, ಎರಡನೆಯದು ಕೆಪ್ಯಾಸಿಟಿಗೆ:

```
SAP_02 * SAP_09 / SAP_08 / SAP_11
SAP_02 * SAP_09 / SAP_08
```

`SAP_02` ಮೆಷಿನ್ ಸಮಯ, `SAP_09` ಆಪರೇಷನ್ ಪ್ರಮಾಣ, `SAP_08` ಬೇಸ್ ಕ್ವಾಂಟಿಟಿ, `SAP_11` ಸ್ಪ್ಲಿಟ್ ಸಂಖ್ಯೆ. ಸ್ಪ್ಲಿಟ್ ಅವಧಿಯನ್ನು ಭಾಗಿಸುತ್ತದೆ, ಹೊರೆಯನ್ನು ಭಾಗಿಸುವುದಿಲ್ಲ. ಸೆಟಪ್‌ನ ಕೆಪ್ಯಾಸಿಟಿ ಸೂತ್ರ ಸ್ಪ್ಲಿಟ್‌ನಿಂದ ಗುಣಿಸದಿದ್ದರೆ ಎರಡನೆಯ 45 ನಿಮಿಷ ಲೆಕ್ಕಕ್ಕೇ ಬರುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಆಕ್ಚುಯಲ್ ಸಮಯ

ಆರ್ಡರ್ ಮಾಡುವಾಗ ರೂಟಿಂಗ್‌ನ ನಕಲು ಅದರೊಳಗೆ ಬಂದು ಕೂರುತ್ತದೆ. ಆಮೇಲೆ `CA02`ನಲ್ಲಿ 40ನ್ನು 45 ಮಾಡಿದರೂ ಆ ಆರ್ಡರ್‌ನಲ್ಲಿ 40 ಹಾಗೇ ಉಳಿಯುತ್ತದೆ.

ಸ್ಪ್ಲಿಟ್ ಇಲ್ಲದೆ ಓಡಿದ ಅದೇ ಆರ್ಡರ್‌ಗೆ `CO11N`ನಲ್ಲಿ ಕನ್ಫರ್ಮೇಷನ್ ಹಾಕೋಣ. 110 ಒಳ್ಳೆ ಶಾಫ್ಟ್, 10 ಸ್ಕ್ರಾಪ್. ಪರದೆ ತಾನೇ ಸ್ಟ್ಯಾಂಡರ್ಡ್ ಸಮಯವನ್ನು ತುಂಬಿ ತೋರಿಸಬಹುದು. ಅದನ್ನು ಹಾಗೇ ಸೇವ್ ಮಾಡಿದರೆ ಆಕ್ಚುಯಲ್ ಸ್ಟ್ಯಾಂಡರ್ಡ್‌ಗೆ ಸಮವಾಗುತ್ತದೆ, ವ್ಯತ್ಯಾಸ ಸೊನ್ನೆ. ತಿಂಗಳುಗಟ್ಟಲೆ ಸೊನ್ನೆ ಬರುತ್ತಿದ್ದರೆ ಶಾಪ್ ಅಷ್ಟು ನಿಖರ ಅಂತಲ್ಲ, ಯಾರೂ ನಿಜವಾದ ಸಮಯ ಬರೆಯುತ್ತಿಲ್ಲ ಅಂತ. ಎರಡು ದಿನಕ್ಕೆ ಎರಡು ಕನ್ಫರ್ಮೇಷನ್ ಹಾಕುವಾಗ ಎರಡನೆಯದರಲ್ಲೂ ಸೆಟಪ್ 45 ಉಳಿದರೆ ಅದು ಎರಡು ಸಲ ಸೇರುತ್ತದೆ. ತಪ್ಪಾದರೆ `CO13`ನಲ್ಲಿ ರದ್ದು ಮಾಡಿ ಮತ್ತೆ ಹಾಕಬೇಕು.

ಆಪರೇಟರ್ ಮೆಷಿನ್ ಸಮಯ 520 ಎಂದು ಬರೆದ ಅಂದುಕೊಳ್ಳಿ. ಒಳ್ಳೆ 110ಕ್ಕೆ ಸ್ಟ್ಯಾಂಡರ್ಡ್ 440, ವ್ಯತ್ಯಾಸ 80. ಇದನ್ನು ಪೂರ್ತಿ "ಲೇತ್ ನಿಧಾನ" ಎಂದು ಬರೆಯಬೇಡಿ. ಯಂತ್ರ ತಿರುಗಿಸಿದ್ದು 120ನ್ನು, ಅದಕ್ಕೆ ಸ್ಟ್ಯಾಂಡರ್ಡ್ 480. ಆದ್ದರಿಂದ 40 ನಿಮಿಷ ಮಾತ್ರ ನಿಧಾನಗತಿಯದು, ಉಳಿದ 40 ಹತ್ತು ಸ್ಕ್ರಾಪ್ ಶಾಫ್ಟ್‌ಗಳದು. ಮೊದಲನೆಯದಕ್ಕೆ ಟೂಲ್, ಫೀಡ್ ನೋಡಬೇಕು, ಎರಡನೆಯದಕ್ಕೆ ಗುಣಮಟ್ಟ. ಹಲವು ಆರ್ಡರ್‌ಗಳಲ್ಲೂ ಶಾಫ್ಟ್‌ಗೆ 4.3 ನಿಮಿಷದ ಆಸುಪಾಸೇ ಬರುತ್ತಿದ್ದರೆ ರೂಟಿಂಗ್‌ನ 40ನ್ನು 43 ಮಾಡಿ. ಒಂದೇ ಆರ್ಡರ್ ನೋಡಿ ಮಾಡಬೇಡಿ.

ಕೊನೆಯ ಕನ್ಫರ್ಮೇಷನ್‌ಗೆ ಫೈನಲ್ ಎಂದು ಗುರುತು ಹಾಕುವುದು ಮರೆಯಬಾರದು. ಒಟ್ಟು ಪ್ರಮಾಣ ಕಡಿಮೆ ಬಂದು ಅದನ್ನು ಪಾರ್ಷಿಯಲ್ ಎಂದೇ ಬಿಟ್ಟರೆ, ಬಾಕಿ ಉಳಿದ ಶಾಫ್ಟ್‌ಗಳ ಹೊರೆ `CM01`ನಲ್ಲಿ ಉಳಿದುಬಿಡುತ್ತದೆ. ಲೇತ್ ಖಾಲಿ ನಿಂತಿದ್ದರೂ ಪರದೆ ಅದನ್ನು ತುಂಬಿದೆ ಎನ್ನುತ್ತಿರುತ್ತದೆ.